ಕಬ್ಬಿನ ಬಾಕಿ ಬಿಲ್ ಮನವಿ: ಯಾವ ಮಾತಿಗೆ ಯಾವ ಆಧಾರ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಂಗಾಮು ಮುಗಿಯುವ ಹೊತ್ತಿಗೆ ಕಬ್ಬಿನ ಬಾಕಿ ಬಗ್ಗೆ ಮನವಿ ಬರೆಯುವವರಿಗಾಗಿ ಈ ಪುಟ. ವಿವರಣೆಗೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಮುಧೋಳ ತಾಲ್ಲೂಕಿನ ಒಬ್ಬ ರೈತ 2024ರ ಡಿಸೆಂಬರ್ 10ರಂದು ಕಾರ್ಖಾನೆಗೆ 40 ಟನ್ ಕಬ್ಬು ಕಳಿಸಿದ್ದಾನೆ. 2025ರ ಮಾರ್ಚ್ 4ರಂದು ಮನವಿ ಕೊಡುವಾಗಲೂ ಬಿಲ್ ಬಂದಿಲ್ಲ. ರೈತ, ಕಾರ್ಖಾನೆ, ಟನ್ನಿನ ಲೆಕ್ಕ ಎಲ್ಲ ನಾವು ಕಲ್ಪಿಸಿಕೊಂಡದ್ದು. ಕಾನೂನು ಮತ್ತು ಸರ್ಕಾರಿ ದರ ಮಾತ್ರ ಇದ್ದದ್ದು ಇದ್ದ ಹಾಗೇ.

ಮನವಿಯೊಳಗ ಎಲ್ಲಾ ಖರೇನ ಬರದೀವ್ರಿ. ಆದ್ರೂ "ಇದಕ್ಕ ಆಧಾರ ಏನು" ಅಂತ ಕೇಳ್ತಾರ. ಯಾಕ?

ಇಂಥ ಮನವಿಗಳಲ್ಲಿ ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಮೂರು ಮಾತು ಇರುತ್ತವೆ: "ಬಿಲ್ ಕೊಡದೆ ಎರಡು ತಿಂಗಳ ಮೇಲಾಯಿತು, ಇದು ರೈತರಿಗೆ ಮಾಡಿದ ಅನ್ಯಾಯ, ಕೂಡಲೇ ಕ್ರಮ ಕೈಗೊಳ್ಳಬೇಕು." ಮೊದಲನೆಯದು ಸಂಗತಿಯ ಮಾತು. ಅದು ನಿಜವೋ ಸುಳ್ಳೋ ಎಂದು ಕಾಗದ ನೋಡಿ ಹೇಳಬಹುದು. ಎರಡನೆಯದು ಮೌಲ್ಯದ ಮಾತು. ಆದದ್ದನ್ನು ಒಂದು ಅಳತೆಗೋಲಿಗೆ ಹಿಡಿದು ಸರಿ ಅಥವಾ ತಪ್ಪು ಎಂದು ಅದು ತೂಗುತ್ತದೆ. ಮೂರನೆಯದು ಕಾರ್ಯನೀತಿಯ ಮಾತು, ಯಾರು ಏನು ಮಾಡಬೇಕು ಎಂದು ಕೇಳುವಂಥದ್ದು. ಬರೀ "ನೀತಿ" ಎನ್ನದೆ "ಕಾರ್ಯನೀತಿ" ಎನ್ನುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ನೀತಿ ಎಂದರೆ ಒಳ್ಳೆಯ ನಡತೆಯೂ ಹೌದು, ಸರ್ಕಾರದ ಧೋರಣೆಯೂ ಹೌದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಇಲ್ಲಿ ಗೊಂದಲವಾಗುತ್ತದೆ.

ತೊಂದರೆ ಎಲ್ಲಿ ಬರುತ್ತದೆಂದರೆ, ಬಹಳ ಮಂದಿ ಮೂರು ಮಾತಿಗೂ ಒಂದೇ ಆಧಾರ ಕೊಡುತ್ತಾರೆ. ತೂಕದ ಪಾವತಿ ಲಗತ್ತಿಸಿ "ಆದ್ದರಿಂದ ಕ್ರಮ ಕೈಗೊಳ್ಳಿ" ಎಂದು ನಿಲ್ಲಿಸುತ್ತಾರೆ. ಕಬ್ಬು ಹೋದದ್ದನ್ನು ಪಾವತಿ ತೋರಿಸುತ್ತದೆ. ಹಣ ಬಾರದ್ದನ್ನು ಅದು ತೋರಿಸುವುದಿಲ್ಲ. ಯಾವ ಅಧಿಕಾರಿ ಯಾವ ಕ್ರಮ ಕೈಗೊಳ್ಳಬೇಕು ಎಂಬುದಂತೂ ಅದರಲ್ಲಿ ಇರುವುದೇ ಇಲ್ಲ.

"ಬೇಕು" ಅಂತ ಮುಗಿದ್ರ ಕಾರ್ಯನೀತಿ, "ಆಗೇತಿ" ಅಂತ ಮುಗಿದ್ರ ಸಂಗತಿ ಅಂತ ತಿಳ್ಕೋಬಹುದಾ?

ಮೊದಲ ಅಂದಾಜಿಗೆ ನಡೆಯುತ್ತದೆ, ಆದರೆ ಅದನ್ನೇ ನಂಬಿಕೊಳ್ಳಬೇಡಿ. ಈ ಮೂರು ವಾಕ್ಯ ನೋಡಿ. "ಕಾನೂನಿನಂತೆ 14 ದಿನದೊಳಗೆ ಬಿಲ್ ಕೊಡಬೇಕು." "ಇಷ್ಟೊತ್ತಿಗೆ ಬಿಲ್ ಜಮಾ ಆಗಿರಬೇಕು." "ಜಿಲ್ಲಾಧಿಕಾರಿಗಳು ಬಿಲ್ ವಸೂಲಿ ಮಾಡಿಸಬೇಕು." ಮೂರೂ "ಬೇಕು" ಎಂದೇ ಮುಗಿಯುತ್ತವೆ. ಆದರೆ ಮೊದಲನೆಯದು ಕಾನೂನಿನಲ್ಲಿ ಹೀಗಿದೆ ಎಂಬ ಸಂಗತಿ, ಪುಸ್ತಕ ತೆರೆದು ನೋಡಿದರೆ ತೀರಿತು. ಎರಡನೆಯದು ಊಹೆ, ಅದೂ ಸಂಗತಿಯ ಜಾತಿಯದೇ. ಮೂರನೆಯದು ಮಾತ್ರ ಕಾರ್ಯನೀತಿ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಒಂದಿದೆ. ಎದುರಿನವರು "ಇಲ್ಲ" ಎಂದರೆ ಜಗಳ ಯಾವುದರ ಮೇಲೆ ನಿಲ್ಲುತ್ತದೆ ಎಂದು ಕೇಳಿಕೊಳ್ಳಿ. ದಾಖಲೆ ತೆರೆದರೆ ಜಗಳ ಮುಗಿಯುವಂತಿದ್ದರೆ ಅದು ಸಂಗತಿ. ದಾಖಲೆಯನ್ನು ಇಬ್ಬರೂ ಒಪ್ಪಿಕೊಂಡ ಮೇಲೂ ಜಗಳ ಉಳಿದರೆ ಮೌಲ್ಯ. ಆದದ್ದು ತಪ್ಪು ಎಂದು ಇಬ್ಬರೂ ಒಪ್ಪಿ, "ಈಗೇನು ಮಾಡೋಣ" ಎಂಬಲ್ಲಿ ಬೇರೆಯಾದರೆ ಕಾರ್ಯನೀತಿ.

ಬಿಲ್ ಬಂದಿಲ್ಲ ಅನ್ನೋದಕ್ಕ ನಾವ ಸಾಕ್ಷಿ ಇದ್ದೀವಲ್ರಿ, ಮತ್ತೇನ ಬೇಕು?

"ಬಿಲ್ ತಡವಾಗಿದೆ" ಎಂಬುದು ಒಂದೇ ಮಾತಿನಂತೆ ಕಂಡರೂ ಅದರೊಳಗೆ ನಾಲ್ಕು ಸಂಗತಿಗಳಿವೆ. ಕಬ್ಬು ಇಂಥ ದಿನ ಮುಟ್ಟಿತು, ಹಣ ಇಂಥ ದಿನದೊಳಗೆ ಬರಬೇಕಿತ್ತು, ಆ ಗಡುವನ್ನು ಬದಲಿಸುವ ಒಪ್ಪಂದ ಆಗಿಲ್ಲ, ಹಣ ಬಂದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಕಾಗದ ಬೇಕು.

ಮುಟ್ಟಿದ ದಿನಕ್ಕೆ ಕಾಟಾದ ಮೇಲೆ ಕೊಟ್ಟ ತೂಕದ ಪಾವತಿ ಸಾಕು. ಅದರಲ್ಲಿ ದಿನಾಂಕ, ಗಾಡಿ ನಂಬರ್, ತುಂಬಿದ ತೂಕ, ಖಾಲಿ ತೂಕ ಓದುವಂತಿರಬೇಕು. ಕಾಟಾದಲ್ಲಿ ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಪಾವತಿ ಮುದ್ರಿಸಿದ್ದರೆ ಕೆಲವು ತಿಂಗಳಲ್ಲೇ ಅಕ್ಷರ ಮಾಸಿಹೋಗುತ್ತವೆ, ಆದ್ದರಿಂದ ಕೈಗೆ ಬಂದ ದಿನವೇ ಝೆರಾಕ್ಸ್ ಮಾಡಿಸಿಡಿ. ನಾಲ್ಕು ಟ್ರಿಪ್ ಹೋಗಿದ್ದರೆ ನಾಲ್ಕೂ ಪಾವತಿ ಬೇಕು.

ಗಡುವಿನ ಆಧಾರ 1966ರ ಕಬ್ಬು ನಿಯಂತ್ರಣ ಆದೇಶದ 3ನೇ ಕಲಂ. ಕಬ್ಬು ಮುಟ್ಟಿದ ದಿನದಿಂದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸೇರಿಸಬೇಕು ಎಂದು ಅದು ಹೇಳುತ್ತದೆ. ಆದರೆ ಅದೇ ಕಲಮಿನಲ್ಲಿ, ಇಬ್ಬರ ನಡುವೆ ಬೇರೆ ರೀತಿಯ ಲಿಖಿತ ಒಪ್ಪಂದ ಇಲ್ಲದಿದ್ದರೆ ಎಂಬ ಮಾತೂ ಇದೆ. ಮನವಿ ಬಿದ್ದುಹೋಗುವುದು ಬಹಳ ಸಲ ಇಲ್ಲೇ. ಕಬ್ಬು ನೋಂದಣಿ ಮಾಡುವಾಗ ಫೀಲ್ಡ್‌ಮನ್ ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದ್ದರೆ, ಅದರಲ್ಲಿ ಕಂತಿನಲ್ಲಿ ಹಣ ಪಡೆಯಲು ಒಪ್ಪಿದ್ದೇನೆ ಎಂದು ಬರೆದಿರಬಹುದು. ಮನವಿ ಬರೆಯುವ ಮೊದಲೇ ಆ ಕಾಗದದ ಪ್ರತಿ ತರಿಸಿ ಓದಿ.

ಹಣ ಬಂದಿಲ್ಲ ಎಂಬುದನ್ನು ತೋರಿಸುವುದೇ ಎಲ್ಲಕ್ಕಿಂತ ಕಠಿಣ. ಇಲ್ಲದ್ದನ್ನು ತೋರಿಸಲು ಪೂರ್ತಿ ಅವಧಿಯ ಲೆಕ್ಕ ಬೇಕು, ಪಾಸ್‌ಬುಕ್ಕಿನ ಕೊನೆಯ ಪುಟ ಸಾಲದು. ನಮ್ಮ ಉದಾಹರಣೆಯಲ್ಲಿ ಡಿಸೆಂಬರ್ 10ರಿಂದ ಮಾರ್ಚ್ 4ರವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಜತೆಗೆ ಸಾಲದ ಖಾತೆಯನ್ನೂ ನೋಡಿ. ಕಬ್ಬಿನ ಬಿಲ್ಲಿನಿಂದ ಸಾಲ ಮುರಿದುಕೊಳ್ಳಲು ಒಪ್ಪಿಗೆಪತ್ರ ಕೊಟ್ಟಿದ್ದರೆ ಕಾರ್ಖಾನೆ ಹಣವನ್ನು ನೇರವಾಗಿ ಸಂಘದ ಅಥವಾ ಬ್ಯಾಂಕಿನ ಸಾಲದ ಖಾತೆಗೆ ಹಾಕಿರುತ್ತದೆ. ಉಳಿತಾಯ ಖಾತೆ ಖಾಲಿ ಕಾಣುತ್ತದೆ, ಹಣ ಮಾತ್ರ ಸಂದಿರುತ್ತದೆ. ಒಬ್ಬ ರೈತನ ವಿಷಯದಲ್ಲಿ ಹೀಗಾದದ್ದನ್ನು ಕಾರ್ಖಾನೆಯವರು ತೋರಿಸಿಬಿಟ್ಟರೆ ಉಳಿದ ಎಲ್ಲರ ಮಾತಿನ ಮೇಲೂ ಅನುಮಾನ ಬೀಳುತ್ತದೆ.

ಬಾಕಿ ಎಷ್ಟು ಅಂತ ಬರೆಯುವಾಗ ಟನ್ನಿಗೆ ಎಫ್‌ಆರ್‌ಪಿ ದರ ಹಾಕಿ ಗುಣಿಸಿದರೆ ಸಾಕಾ?

ಸಾಲದು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ ಕ್ವಿಂಟಲ್‌ಗೆ ₹340, ಅದು ಶೇ. 10.25 ಸಕ್ಕರೆ ಇಳುವರಿಗೆ. ಇಳುವರಿ ಶೇ. 0.1 ಹೆಚ್ಚಿದಂತೆಲ್ಲ ₹3.32 ಸೇರುತ್ತದೆ. ನಮ್ಮ ಕಾರ್ಖಾನೆಯ ಇಳುವರಿ ಶೇ. 10.75 ಎಂದುಕೊಳ್ಳಿ. ಐದು ಮೆಟ್ಟಿಲು ಹೆಚ್ಚು, ಅಂದರೆ ₹16.60. ಕ್ವಿಂಟಲ್‌ಗೆ ₹356.60, ಟನ್ನಿಗೆ ₹3,566. ಇದು ಕಾರ್ಖಾನೆ ಗೇಟಿನ ದರ. ಕಟಾವು ಮತ್ತು ಸಾಗಾಣಿಕೆಯನ್ನು ಕಾರ್ಖಾನೆಯೇ ಮಾಡಿಸಿದ್ದರೆ ಆ ಖರ್ಚು ಇದರಲ್ಲಿ ಕಳೆಯುತ್ತದೆ. ಅದು ಟನ್ನಿಗೆ ₹766 ಎಂದಿಟ್ಟುಕೊಂಡರೆ ಕೈಗೆ ಬರಬೇಕಾದದ್ದು ₹2,800. ನಲವತ್ತು ಟನ್ನಿಗೆ ₹1,12,000.

ಗಡುವು ಡಿಸೆಂಬರ್ 24ಕ್ಕೆ ಮುಗಿಯಿತು. ಅಲ್ಲಿಂದ ಮಾರ್ಚ್ 4ಕ್ಕೆ 70 ದಿನ. ಶೇ. 15ರಂತೆ ವರ್ಷದ ಬಡ್ಡಿ ₹16,800, ಎಪ್ಪತ್ತು ದಿನಕ್ಕೆ ಸುಮಾರು ₹3,222. ಸಿಟ್ಟಿನಲ್ಲಿ "ಲಕ್ಷಗಟ್ಟಲೆ ಬಡ್ಡಿ ನುಂಗಿದ್ದಾರೆ" ಎಂದು ಬರೆಯುವ ಬದಲು ಈ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಬಿಡಿಸಿಟ್ಟರೆ, ಅದನ್ನು ಅಲ್ಲಗಳೆಯಲು ಕಾರ್ಖಾನೆಯವರು ಯಾವ ಸಾಲು ತಪ್ಪು ಎಂದು ಬೆರಳಿಟ್ಟು ತೋರಿಸಬೇಕಾಗುತ್ತದೆ. ಇಳುವರಿಯ ಅಂಕಿಯನ್ನು ಮಾತ್ರ ಬಾಯಿಮಾತಿನಿಂದ ತೆಗೆದುಕೊಳ್ಳಬೇಡಿ. ಅದು ಸಕ್ಕರೆ ನಿರ್ದೇಶಕರ ಕಚೇರಿಯಲ್ಲಿ ಇರುತ್ತದೆ. ಖಾಸಗಿ ಕಾರ್ಖಾನೆಗೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಬರುವುದಿಲ್ಲ, ಆದರೆ ಸರ್ಕಾರಿ ಕಚೇರಿಯಲ್ಲಿರುವ ಅದರ ದಾಖಲೆಯನ್ನು ₹10 ಶುಲ್ಕ ಕಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವಿದೆ, ಅದಕ್ಕೆ ತಕ್ಕಂತೆ ಮೊದಲೇ ಹಾಕಿ.

ನಮ್ಮೂರಾಗ ಹನ್ನೆರಡು ಮಂದಿಗೆ ಬಂದಿಲ್ಲ. "ಯಾರಿಗೂ ಕೊಟ್ಟಿಲ್ಲ" ಅಂತ ಬರೀಬಹುದಾ?

ಹನ್ನೆರಡು ಮಂದಿಗೆ ಬಂದಿಲ್ಲ ಎಂದೇ ಬರೆಯಿರಿ. "ಯಾರಿಗೂ" ಎಂದರೆ ಹಣ ಪಡೆದ ಒಬ್ಬನೇ ಒಬ್ಬ ರೈತ ಸಿಕ್ಕರೂ ಮಾತು ಮುರಿಯಿತು. ದೊಡ್ಡ ಮಾತು ಬೇಕೇ ಬೇಕೆಂದರೆ ನಾಲ್ಕಾರು ಹಳ್ಳಿಗಳಿಂದ, ಬೇರೆ ಬೇರೆ ವಾರಗಳಲ್ಲಿ ಕಬ್ಬು ಕಳಿಸಿದವರ ಪಾವತಿ ಕೂಡಿಸಿ. ಒಂದೇ ಹಳ್ಳಿಯ, ಒಂದೇ ವಾರದ ಪಾವತಿಗಳಾದರೆ ಆ ವಾರದ ಪಟ್ಟಿಯಷ್ಟೇ ಎಲ್ಲೋ ಸಿಕ್ಕಿಕೊಂಡಿದೆ ಎಂದು ಅವರು ಹೇಳಬಹುದು, ಅದು ನಿಜವೂ ಇರಬಹುದು.

"ಬಿಲ್ ತಡ ಆಗಿದ್ದಕ್ಕ ನಮ್ಮ ಸಾಲ ಬೆಳೀತು." ಇದೂ ಸಂಗತಿನಾ?

ಸಂಗತಿಯೇ, ಆದರೆ ಕಾರಣದ ಸಂಗತಿ. ತಡವಾದದ್ದನ್ನೂ ಸಾಲ ಬೆಳೆದದ್ದನ್ನೂ ಬೇರೆ ಬೇರೆಯಾಗಿ ತೋರಿಸಿದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎಂದಾಗುವುದಿಲ್ಲ. ನಡುವಿನ ಕೊಂಡಿಯನ್ನು ತೋರಿಸಬೇಕು. ಕೃಷಿ ಪತ್ತಿನ ಸಹಕಾರ ಸಂಘದ ಬೆಳೆಸಾಲಕ್ಕೆ ಶೂನ್ಯ ಬಡ್ಡಿಯ ಸೌಲಭ್ಯ ಸಿಗುವುದು ಗಡುವಿನೊಳಗೆ ತೀರಿಸಿದರೆ ಮಾತ್ರ. ನಮ್ಮ ರೈತನ ಸಾಲದ ಗಡುವು ಜನವರಿ 31 ಆಗಿದ್ದರೆ ಕೊಂಡಿ ಗಟ್ಟಿಯಾಗಿದೆ. ಡಿಸೆಂಬರ್ 24ಕ್ಕೆ ₹1,12,000 ಬಂದಿದ್ದರೆ ಸಾಲ ತೀರುತ್ತಿತ್ತು, ಬರಲಿಲ್ಲ, ಬಡ್ಡಿ ಬಿತ್ತು. ಗಡುವು ಡಿಸೆಂಬರ್ 15ಕ್ಕೇ ಮುಗಿದಿದ್ದರೆ ಕೊಂಡಿ ಹರಿಯಿತು, ಏಕೆಂದರೆ ಆ ದಿನ ಕಾರ್ಖಾನೆಗೆ ಇನ್ನೂ ಸಮಯವಿತ್ತು. ಸಂಘದ ಸಾಲದ ಲೆಕ್ಕದ ಹಾಳೆ ಲಗತ್ತಿಸಿದರೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅನ್ಯಾಯ ಆಗಿದೆ ಅನ್ನುವುದು ಕಣ್ಣಿಗೇ ಕಾಣುತ್ತದಲ್ಲ. ಅದಕ್ಕೂ ಆಧಾರ ಕೊಡಬೇಕೆ?

ಕೊಡಬೇಕು. ಆದರೆ ಇಲ್ಲಿ ಬೇಕಾದದ್ದು ಇನ್ನಷ್ಟು ಪಾವತಿಯಲ್ಲ, ಅಳತೆಗೋಲು. "ಅನ್ಯಾಯ" ಎಂದಾಗ ಯಾವ ಗೋಲಿನಿಂದ ಅಳೆದಿರಿ ಎಂದು ಹೇಳಬೇಕು. ಆ ಗೋಲು ಎದುರಿನವರಿಗೂ ಒಪ್ಪಿಗೆಯಾಗುವಂಥದ್ದು ಎಂದು ತೋರಿಸಬೇಕು. ಆಮೇಲೆ ಈ ಪ್ರಕರಣ ಅದಕ್ಕೆ ಹೇಗೆ ತಾಗುತ್ತದೆ ಎಂದು ಬಿಡಿಸಬೇಕು. ಇದನ್ನು ಬಿಟ್ಟು "ಅನ್ಯಾಯ, ಘೋರ ಅನ್ಯಾಯ" ಎಂದು ಏರಿಸುತ್ತಾ ಹೋದರೆ ಮಾತಿನ ಶಬ್ದ ಹೆಚ್ಚುತ್ತದೆ, ತೂಕ ಹೆಚ್ಚುವುದಿಲ್ಲ.

ಕಾರ್ಖಾನೆಯವರ ವಾದವನ್ನು ಮೊದಲು ಕೇಳಿಸಿಕೊಳ್ಳಿ. ಕಬ್ಬು ನುರಿಸುವುದು ನಾಲ್ಕೈದು ತಿಂಗಳಲ್ಲಿ, ಸಕ್ಕರೆ ಮಾರುವುದು ವರ್ಷವಿಡೀ. ಪ್ರತಿ ತಿಂಗಳು ಎಷ್ಟು ಮಾರಬಹುದು ಎಂಬ ಕೋಟಾವನ್ನು 2018ರಿಂದ ಕೇಂದ್ರ ಸರ್ಕಾರವೇ ಹಾಕುತ್ತಿದೆ. ಮಾಲು ಗೋದಾಮಿನಲ್ಲಿದೆ, ಹಣ ಎಲ್ಲಿಂದ ತರೋಣ ಎಂದು ಅವರು ಕೇಳುತ್ತಾರೆ. ಇವೆಲ್ಲ ನಿಜ. ಇದನ್ನು ಸುಳ್ಳೆಂದು ಸಾಧಿಸಲು ಹೊರಟರೆ ಸೋಲುತ್ತೀರಿ. ಒಪ್ಪಿಕೊಂಡು ಮುಂದಿನ ಪ್ರಶ್ನೆ ಕೇಳಿ: ಸಕ್ಕರೆ ಮಾರಾಟವಾಗುವ ತನಕ ಕಾಯುವ ಖರ್ಚು ಇದ್ದೇ ಇದೆ, ಅದನ್ನು ಯಾರು ಹೊರಬೇಕು? ಈ ಪ್ರಶ್ನೆಗೆ ಯಾವ ದಾಖಲೆಯೂ ಉತ್ತರ ಹೇಳುವುದಿಲ್ಲ. ಇದು ಅಪ್ಪಟ ಮೌಲ್ಯದ ಪ್ರಶ್ನೆ.

ಇಲ್ಲಿ ಬಳಸಲು ನಮಗೆ ಅತ್ಯಂತ ಗಟ್ಟಿ ಎನಿಸುವ ಗೋಲು ಇಬ್ಬರಿಗೂ ಒಂದೇ ನಿಯಮ ಎಂಬುದು. ರೈತ ಸಾಲ ತೀರಿಸುವುದು ತಡಮಾಡಿದರೆ ಸಂಘ ಬಡ್ಡಿ ಹಾಕುತ್ತದೆ, ಮಳೆ ಬರಲಿಲ್ಲ ಎಂಬ ಕಾರಣಕ್ಕೆ ಬಿಡುವುದಿಲ್ಲ. ತಡಮಾಡಿದವನು ತಡದ ಖರ್ಚು ಹೊರಬೇಕು ಎಂಬುದು ರೈತನಿಗೆ ನಿಯಮವಾದರೆ ಕಾರ್ಖಾನೆಗೂ ಅದೇ ನಿಯಮ. ಶೇ. 15 ಬಡ್ಡಿಯ ಕಲಮಿನ ಹಿಂದೆ ಇರುವ ಲೆಕ್ಕವೂ ಇದೇ. ಸಕ್ಕರೆ ದಾಸ್ತಾನಿನ ಮೇಲೆ ಬ್ಯಾಂಕ್ ಸಾಲ ಎತ್ತುವ ದಾರಿ ಕಾರ್ಖಾನೆಗೆ ಇದೆ, ಕೊಟ್ಟುಬಿಟ್ಟ ಕಬ್ಬಿನ ಮೇಲೆ ರೈತ ಏನನ್ನೂ ಎತ್ತಲಾರ. ಹೊರೆ ಹೊರಲು ಶಕ್ತಿಯಿದ್ದವರ ಮೇಲೆ ಹೊರೆ ಬೀಳಲಿ ಎಂಬ ಎರಡನೆಯ ಗೋಲೂ ಅದೇ ಕಡೆಗೆ ತೋರಿಸುತ್ತದೆ.

ಒಂದು ಎಚ್ಚರ. ನೀವು ಹಿಡಿದ ಗೋಲು ನಿಮ್ಮ ಕಡೆಗೂ ತಿರುಗುತ್ತದೆ. ಕಡಿಯುವ ಗ್ಯಾಂಗಿನವರ ಕೂಲಿಯನ್ನು ನೀವೇ ತಿಂಗಳುಗಟ್ಟಲೆ ಹಿಡಿದಿಟ್ಟಿದ್ದರೆ ಎದುರಿನವರು ಅದನ್ನು ಎತ್ತದೆ ಬಿಡುವುದಿಲ್ಲ.

"ಮೋಸ" ಅಂತ ಬರೆಯಬಹುದೇ?

ಈ ಒಂದು ಶಬ್ದದೊಳಗೆ ಸಂಗತಿಯೂ ಮೌಲ್ಯವೂ ಹೆಣೆದುಕೊಂಡಿವೆ. ಮೋಸ ಎಂದರೆ ಬೇಕೆಂದೇ ಮಾಡಿದ್ದು ಎಂದರ್ಥ, ಉದ್ದೇಶವನ್ನು ಸಾಬೀತು ಮಾಡುವ ಹೊರೆ ನಿಮ್ಮ ತಲೆಗೆ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಉದ್ದೇಶವನ್ನು ತೋರಿಸುವುದಿಲ್ಲ. "ವಿಳಂಬ" ಎಂದು ಬರೆದರೆ 70 ದಿನದ ಲೆಕ್ಕವೇ ಸಾಕು. ಲೂಟಿ, ದರೋಡೆ, ಶೋಷಣೆ ಎಂಬ ಶಬ್ದಗಳಿಗೂ ಇದೇ ಮಾತು.

ಕ್ರಮ ಕೈಗೊಳ್ಳಬೇಕು ಅಂತ ಬರೆದ ಮೇಲೆ ಇನ್ನೇನು ಉಳಿಯಿತು?

ಬಹಳಷ್ಟು ಉಳಿಯಿತು. ಕಾರ್ಯನೀತಿಯ ಮಾತು ಸಂಗತಿ, ಮೌಲ್ಯ ಎರಡರ ಮೇಲೂ ನಿಲ್ಲುತ್ತದೆ, ಅದರ ಮೇಲೆ ತನ್ನದೇ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ. ಕೇಳಿದ್ದನ್ನು ಮಾಡುವ ಅಧಿಕಾರ ಯಾರಿಗಿದೆ? ಮಾಡಿದರೆ ತೊಂದರೆ ನಿಜವಾಗಿ ತೀರುತ್ತದೆಯೆ? ಹೊಸ ತೊಂದರೆ ಏನು ಹುಟ್ಟುತ್ತದೆ? ಇರುವ ಸ್ಥಿತಿಯನ್ನು ಬದಲಿಸಿ ಎನ್ನುವವರೇ ಇವಕ್ಕೆ ಉತ್ತರ ಹೇಳಬೇಕು.

ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಎರಡು ಬೇಡಿಕೆಗಳನ್ನು ಇದಕ್ಕೆ ಹಿಡಿದು ನೋಡೋಣ. ಮೊದಲನೆಯದು, ಬಾಕಿ ತೀರಿಸುವ ತನಕ ಆ ಕಾರ್ಖಾನೆಗೆ ಮುಂದಿನ ಹಂಗಾಮಿನಲ್ಲಿ ಕಬ್ಬು ನುರಿಸಲು ಬಿಡಬಾರದು ಎಂಬುದು. ಕೇಳಲು ಖಡಕ್ ಆಗಿದೆ. ಆದರೆ ಕಾರ್ಖಾನೆ ನಿಂತರೆ ಅದರ ಸುತ್ತಲಿನ ಕಬ್ಬು ಎಲ್ಲಿಗೆ ಹೋಗಬೇಕು? ಪಕ್ಕದ ಕಾರ್ಖಾನೆ ತನ್ನ ಕಬ್ಬು ಮುಗಿಸಿ ಇದನ್ನು ತೆಗೆದುಕೊಳ್ಳುವ ಹೊತ್ತಿಗೆ ಹೊಲದಲ್ಲಿ ನಿಂತ ಕಬ್ಬು ಸೂಲಂಗಿ ಬಿಟ್ಟು, ಬೆಂಡಾಗಿ, ತೂಕ ಕಳೆದುಕೊಂಡಿರುತ್ತದೆ. ದೂರ ಹೆಚ್ಚಿದಷ್ಟೂ ಸಾಗಾಣಿಕೆ ಖರ್ಚು ಏರಿ ಕೈಗೆ ಬರುವ ದರ ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು, ನುರಿಸದ ಕಾರ್ಖಾನೆಗೆ ಬಾಕಿ ತೀರಿಸಲು ಹೊಸ ಆದಾಯ ಬರುವುದಿಲ್ಲ. ಯಾರ ಹಣಕ್ಕಾಗಿ ಹೋರಾಟವೋ ಅವರಿಗೇ ಪೆಟ್ಟು ಬೀಳುವ ಬೇಡಿಕೆ ಇದು.

ಎರಡನೆಯದು, ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿ ಎಂಬುದು. ಇದಕ್ಕೆ ಅದೇ 1966ರ ಆದೇಶದಲ್ಲಿ ದಾರಿ ಇದೆ. ಬಾಕಿ ಮೊತ್ತ ನಮೂದಿಸಿದ ವಸೂಲಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗಬೇಕು, ಆಮೇಲೆ ಜಿಲ್ಲಾಡಳಿತ ಕಾರ್ಖಾನೆಯ ಆಸ್ತಿಯ ಮೇಲೆ ಕ್ರಮ ತೆಗೆದುಕೊಳ್ಳುತ್ತದೆ. ಕರ್ನಾಟಕದಲ್ಲಿ ಆ ಪ್ರಮಾಣಪತ್ರ ಹೊರಡಬೇಕಾದದ್ದು ಕಬ್ಬು ಅಭಿವೃದ್ಧಿ ಆಯುಕ್ತರು ಹಾಗೂ ಸಕ್ಕರೆ ನಿರ್ದೇಶಕರ ಕಚೇರಿಯಿಂದ. ಆದ್ದರಿಂದ ಮನವಿಯನ್ನು ಜಿಲ್ಲಾಧಿಕಾರಿಗೆ ಮಾತ್ರ ಕೊಟ್ಟು ಬಂದರೆ ಅರ್ಧ ಕೆಲಸ. ಆಯುಕ್ತರಿಗೆ ಪ್ರಮಾಣಪತ್ರ ಕೋರಿ, ಜಿಲ್ಲಾಧಿಕಾರಿಗೆ ಅದರಂತೆ ವಸೂಲಿ ಕೋರಿ, ಎರಡು ಕಡೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಇದಕ್ಕೂ ಮಿತಿ ಇದೆ. ಜಪ್ತಿ ಮಾಡಿದ ಸಕ್ಕರೆ ಬ್ಯಾಂಕಿಗೆ ಮೊದಲೇ ಒತ್ತೆ ಬಿದ್ದಿದ್ದರೆ ಬ್ಯಾಂಕು ತಕರಾರು ತೆಗೆಯುತ್ತದೆ, ಕಾರ್ಖಾನೆ ನ್ಯಾಯಾಲಯಕ್ಕೆ ಹೋಗಿ ತಡೆ ತರಬಹುದು. ಮನವಿಯಲ್ಲೇ ಇದನ್ನು ಒಪ್ಪಿಕೊಂಡು, ಬಾಕಿ ಮತ್ತು ಬಡ್ಡಿಯನ್ನು ಇಂತಿಷ್ಟು ದಿನದಲ್ಲಿ ಕಂತಿನಲ್ಲಿ ತೀರಿಸುವ ಲಿಖಿತ ವೇಳಾಪಟ್ಟಿಯನ್ನು ಕಾರ್ಖಾನೆಯಿಂದ ಮೊದಲು ಬರೆಸಿಕೊಳ್ಳಿ, ತಪ್ಪಿದರೆ ವಸೂಲಿಗೆ ಹೋಗಿ ಎಂದು ಕೇಳುವುದು ಹೆಚ್ಚು ನಡೆಯುವ ದಾರಿ.

ಸಭೆಯಲ್ಲಿ ಕಾರ್ಖಾನೆಯವರು "ಹೌದು, ತಡವಾಗಿದೆ" ಎಂದು ಒಪ್ಪಿಬಿಟ್ಟರೆ?

ಪಾವತಿಗಳ ಕಟ್ಟನ್ನು ಅಲ್ಲಿಗೇ ಮುಚ್ಚಿ. ಸಂಗತಿಯ ಜಗಳ ಮುಗಿಯಿತು, ಅದನ್ನೇ ಅರ್ಧ ಗಂಟೆ ಓದಿದರೆ ಸಭೆಯ ಸಮಯ ಹೋಗುತ್ತದೆ. ಒಪ್ಪಿದ್ದನ್ನು ನಡಾವಳಿಯಲ್ಲಿ ಬರೆಸಿ, ಮೊತ್ತ ಮತ್ತು ದಿನದ ಲೆಕ್ಕದ ಸಮೇತ. ನೇರವಾಗಿ ಬಡ್ಡಿ ಯಾರು ಹೊರಬೇಕು, ಯಾವ ದಿನಕ್ಕೆ ಕೊಡುತ್ತೀರಿ ಎಂಬಲ್ಲಿಗೆ ಬನ್ನಿ. "ತಡವಾಗಿದೆ, ಆದರೆ ಪರಿಸ್ಥಿತಿ ಅರ್ಥ ಮಾಡಿಕೊಳ್ಳಿ" ಎಂದರೆ ಅದು ಮೌಲ್ಯದ ಉತ್ತರ, ಅದಕ್ಕೆ ಇಬ್ಬರಿಗೂ ಒಂದೇ ನಿಯಮ ಎಂಬ ಗೋಲನ್ನು ಹಿಡಿಯಿರಿ.

ಹಾಗಾದರೆ ಮನವಿಯ ನಡುವಿನ ಭಾಗ ಹೇಗಿರಬೇಕು? ಬರೆದು ತೋರಿಸಿ.

ನಮ್ಮ ಉದಾಹರಣೆಗೆ ಹೀಗೆ:

"ನಾನು ದಿನಾಂಕ 10-12-2024ರಂದು ತಮ್ಮ ಜಿಲ್ಲೆಯ ಸದರಿ ಕಾರ್ಖಾನೆಗೆ 40 ಟನ್ ಕಬ್ಬು ಪೂರೈಸಿದ್ದೇನೆ (ತೂಕದ ಪಾವತಿಗಳ ಪ್ರತಿ ಲಗತ್ತು 1). ಹಣ ಪಾವತಿಯ ಗಡುವು 24-12-2024ಕ್ಕೆ ಮುಗಿದಿದೆ. ಗಡುವು ವಿಸ್ತರಿಸುವ ಯಾವುದೇ ಲಿಖಿತ ಒಪ್ಪಂದಕ್ಕೆ ನಾನು ಸಹಿ ಮಾಡಿಲ್ಲ (ನೋಂದಣಿ ಪತ್ರದ ಪ್ರತಿ ಲಗತ್ತು 2). ಇಂದಿನವರೆಗೆ ನನ್ನ ಉಳಿತಾಯ ಖಾತೆಗಾಗಲಿ ಸಾಲದ ಖಾತೆಗಾಗಲಿ ಹಣ ಜಮಾ ಆಗಿಲ್ಲ (ಎರಡೂ ಖಾತೆಗಳ ಲೆಕ್ಕ ಲಗತ್ತು 3). ಬರಬೇಕಾದ ಮೊತ್ತ ₹1,12,000, 70 ದಿನದ ಬಡ್ಡಿ ₹3,222 (ಲೆಕ್ಕದ ವಿವರ ಲಗತ್ತು 4).

ಸಾಲ ಮರುಪಾವತಿ ತಡವಾದರೆ ರೈತರಿಂದ ಬಡ್ಡಿ ಪಡೆಯಲಾಗುತ್ತದೆ. ಅದೇ ನಿಯಮ ಕಾರ್ಖಾನೆಗೆ ಅನ್ವಯಿಸದಿರುವುದು ನ್ಯಾಯವಲ್ಲ.

ಆದ್ದರಿಂದ ಅಸಲು ಮತ್ತು ಬಡ್ಡಿಯನ್ನು 15 ದಿನದೊಳಗೆ ಪಾವತಿಸುವ ಲಿಖಿತ ವೇಳಾಪಟ್ಟಿಯನ್ನು ಕಾರ್ಖಾನೆಯಿಂದ ಪಡೆಯಬೇಕೆಂದು, ತಪ್ಪಿದಲ್ಲಿ ಕಬ್ಬು ಅಭಿವೃದ್ಧಿ ಆಯುಕ್ತರ ವಸೂಲಿ ಪ್ರಮಾಣಪತ್ರದಂತೆ ಭೂಕಂದಾಯ ಬಾಕಿಯಾಗಿ ವಸೂಲಿ ಮಾಡಬೇಕೆಂದು ಕೋರುತ್ತೇನೆ."

ಮನವಿ ಕೊಡುವುದು ಒಂದೆರಡು ವಾರ ಮುಂದೆ ಹೋದರೆ ದಿನಗಳನ್ನು ಮತ್ತೆ ಎಣಿಸಿ ಬಡ್ಡಿಯ ಮೊತ್ತವನ್ನು ತಿದ್ದಿ, ಲಗತ್ತು 3ರ ಖಾತೆಯ ಲೆಕ್ಕವನ್ನೂ ಆ ದಿನದವರೆಗೆ ಹೊಸದಾಗಿ ತೆಗೆಸಿ.